ಅನಿಲೀನ್‌ಗೆ ಮೆಟಾ ಎಲ್ಲಿಂದ ಬಂತು?

*ಸಂಪಾದಕರೇ, NH₂ ಗುಂಪು ಹೊಸಬರನ್ನು ಆರ್ಥೋ, ಪ್ಯಾರಾ ಜಾಗಕ್ಕೆ ಕಳಿಸುತ್ತದೆ ಅಂತ ಓದಿದೆ. ಅದೇ ಪುಸ್ತಕದಲ್ಲಿ ಅನಿಲೀನ್‌ನ ನೈಟ್ರೇಷನ್ ಮಾಡಿದರೆ ಪ್ಯಾರಾ ಶೇ. 51, ಮೆಟಾ ಶೇ. 47, ಆರ್ಥೋ ಶೇ. 2 ಅಂತಲೂ ಇದೆ. ಸುಳ್ಳು ಯಾವುದು, ನಿಯಮವಾ ಲೆಕ್ಕವಾ? ಮುಖ್ಯ ಉತ್ಪನ್ನ ಯಾವುದು ಅಂತ ಪರೀಕ್ಷೆಯಲ್ಲಿ ಕೇಳಿದರೆ ಏನು ಬರೆಯಬೇಕು?*
*– ಬಿ.ಎಸ್ಸಿ. ವಿದ್ಯಾರ್ಥಿನಿ*

ಎರಡೂ ನಿಜ. ನಿಯಮ ಮಾತಾಡುವುದು NH₂ ಬಗ್ಗೆ. ಫ್ಲಾಸ್ಕಿನೊಳಗೆ ಇರುವುದು NH₂ ಅಲ್ಲ, ಅಷ್ಟೇ.

ನೈಟ್ರೇಷನ್‌ಗೆ ಏನು ಹಾಕುತ್ತೇವೆ? ಗಾಢ ನೈಟ್ರಿಕ್ ಆಮ್ಲ, ಗಾಢ ಸಲ್ಫ್ಯೂರಿಕ್ ಆಮ್ಲ. ಅನಿಲೀನ್ ಒಂದು ಪ್ರತ್ಯಾಮ್ಲ. ದುರ್ಬಲವೇ ಇರಬಹುದು, ಆದರೂ pH 4.6ರಷ್ಟು ಸಾಧಾರಣ ಆಮ್ಲದಲ್ಲೇ ಅದರ ಅರ್ಧ ಪಾಲು ಪ್ರೋಟಾನ್ ಹಿಡಿದು NH₃⁺ ಆಗಿಬಿಟ್ಟಿರುತ್ತದೆ. ಇನ್ನು ಗಾಢ ಸಲ್ಫ್ಯೂರಿಕ್ ಆಮ್ಲದಲ್ಲಿ ಕೇಳಬೇಕಾ? ಹೆಚ್ಚುಕಡಿಮೆ ಪೂರ್ತಿ ಅನಿಲೀನ್ ಅನಿಲೀನಿಯಮ್ ಆಗಿ ಕೂತಿರುತ್ತದೆ. ನಾವು ಹಾಳೆಯ ಮೇಲೆ NH₂ ಬರೆದು, ಬಾಣ ಎಳೆದು, ಬಾಣದ ಮೇಲೆ H₂SO₄ ಅಂತ ಬರೆಯುತ್ತೇವೆ. ಬಾಣದ ಮೇಲಿರುವ ಆಮ್ಲ ಎಡಗಡೆ ಇರುವ ಅಣುವನ್ನೇ ಬದಲಾಯಿಸಿದೆ ಅನ್ನುವುದು ಮರೆತುಹೋಗುತ್ತದೆ.

ಈ ಬದಲಾವಣೆ ಯಾಕೆ ಇಷ್ಟು ದೊಡ್ಡದು ಅಂತ ನೋಡಬೇಕಾದರೆ ನಡುವೆ ಹುಟ್ಟುವ ಅಯಾನನ್ನು ಒಮ್ಮೆ ಬಿಡಿಸಿ ನೋಡಿ. NO₂⁺ ಬಂದು ಉಂಗುರದ ಒಂದು ಕಾರ್ಬನ್‌ಗೆ ಅಂಟಿಕೊಂಡಾಗ, ಉಳಿದ ಐದು ಕಾರ್ಬನ್‌ಗಳ ನಡುವೆ ಒಂದು ಪ್ಲಸ್ ಚಾರ್ಜ್ ಹಂಚಿಹೋಗುತ್ತದೆ. ಆದರೆ ಐದಕ್ಕೂ ಸಮನಾಗಿ ಅಲ್ಲ. ಅಂಟಿದ ಜಾಗದ ಎಡಬಲದ ಎರಡು ಕಾರ್ಬನ್, ಮತ್ತೆ ನೇರ ಎದುರಿನ ಕಾರ್ಬನ್, ಈ ಮೂರರ ಮೇಲೆ ಮಾತ್ರ ಅದು ಕೂರುತ್ತದೆ. ಈಗ NO₂⁺ ಪ್ಯಾರಾಗೆ ಬಂತು ಅನ್ನಿ. ಎದುರಿನ ಕಾರ್ಬನ್ ಯಾವುದು? ನೈಟ್ರೋಜನ್ ಹೊತ್ತಿರುವ ಕಾರ್ಬನ್ನೇ. ಆರ್ಥೋಗೆ ಬಂದರೂ ಅದೇ ಕಾರ್ಬನ್ ಪಕ್ಕದಲ್ಲಿ ಸಿಗುತ್ತದೆ. ಮೆಟಾಗೆ ಬಂದರೆ ಮಾತ್ರ ಆ ಕಾರ್ಬನ್‌ಗೆ ಪ್ಲಸ್ ತಲುಪುವುದಿಲ್ಲ.

ನೈಟ್ರೋಜನ್ NH₂ ರೂಪದಲ್ಲಿದ್ದರೆ ಆ ಪ್ಲಸ್ ಬಂದಿದ್ದು ಒಳ್ಳೆಯದೇ. ಅದು ತನ್ನ ಒಂಟಿ ಜೋಡಿ ಎಲೆಕ್ಟ್ರಾನ್ ಕೊಟ್ಟು ಪ್ಲಸ್ಸನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಂಡ ಚಿತ್ರದಲ್ಲಿ ಎಲ್ಲ ಕಾರ್ಬನ್, ನೈಟ್ರೋಜನ್‌ಗಳಿಗೂ ಎಂಟು ಎಲೆಕ್ಟ್ರಾನ್ ತುಂಬಿರುತ್ತದೆ. ಇಂಥ ನಾಲ್ಕನೇ ಚಿತ್ರ ಮೆಟಾ ದಾಳಿಗೆ ಬರೆಯಲಿಕ್ಕೇ ಬರುವುದಿಲ್ಲ. ಅದಕ್ಕೇ ಆರ್ಥೋ, ಪ್ಯಾರಾ. ಆದರೆ NH₃⁺ನಲ್ಲಿ ಆ ಜೋಡಿಯನ್ನು ಪ್ರೋಟಾನ್ ಹಿಡಿದುಕೊಂಡಿದೆ. ಕೊಡಲು ಏನೂ ಇಲ್ಲ. ಮೇಲಾಗಿ ಅದೇ ಒಂದು ಪ್ಲಸ್. ಪ್ಲಸ್ ಪಕ್ಕಕ್ಕೆ ಇನ್ನೊಂದು ಪ್ಲಸ್ ತಂದು ಕೂರಿಸಿದರೆ ಯಾರಿಗೆ ಹಿತ? ಹಾಗಾಗಿ ಮೆಟಾ ಮೇಲು ಅನಿಸುತ್ತದೆ. ಮೆಟಾ ಚೆನ್ನಾಗಿದೆ ಅಂತಲ್ಲ, ಉಳಿದೆರಡು ಇನ್ನೂ ಕೆಟ್ಟದಾಗಿವೆ ಅಂತ.

ನಿಮ್ಮ 47ರ ಗುಟ್ಟು ಇಷ್ಟು. ಆದರೆ ಆಗ 51 ಯಾಕೆ ಅಂತ ನೀವು ತಿರುಗಿ ಕೇಳುತ್ತೀರಿ, ಕೇಳಬೇಕು ಕೂಡ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸುತ್ತವೆ: ಚೂರು ಅನಿಲೀನ್ ಪ್ರೋಟಾನ್ ಹಿಡಿಯದೆ ಉಳಿದಿರುತ್ತದೆ, ಅದು ಬಹಳ ವೇಗವಾಗಿ ವರ್ತಿಸಿ ಪ್ಯಾರಾ ಕೊಡುತ್ತದೆ. ಈ ಮಾತು ನನಗೆ ಬಹಳ ವರ್ಷ ಸರಿಯಾಗೇ ಕಂಡಿತ್ತು. ಅನುಮಾನ ಹುಟ್ಟಿಸಿದ್ದು ಯಾರೂ ಕಣ್ಣೆತ್ತಿ ನೋಡದ ಆ ಶೇ. 2. ಪ್ಯಾರಾ ಪೂರ್ತಿ ಸ್ವತಂತ್ರ ಅನಿಲೀನ್‌ನಿಂದಲೇ ಬಂದಿದ್ದರೆ ಅದರ ಜೊತೆ ಆರ್ಥೋ ಕೂಡ ಒಂದಷ್ಟು ಬರಬೇಕಿತ್ತು, ಅಲ್ವಾ? ಆರ್ಥೋ ಜಾಗ ಎರಡಿವೆ. 51ರ ಪಕ್ಕದಲ್ಲಿ 2 ಬಹಳ ಕಮ್ಮಿ.

ಇದಕ್ಕೆ ಉತ್ತರ ಕೊಡುವ ಅಣು ಇನ್ನೊಂದಿದೆ. ನೈಟ್ರೋಜನ್ ಮೇಲೆ ಮೂರು ಮಿಥೈಲ್ ಗುಂಪು ಇರುವ N(CH₃)₃⁺ ತಗೊಳ್ಳಿ. ಇದರಲ್ಲಿ ಕಳೆದುಕೊಳ್ಳಲು ಪ್ರೋಟಾನ್ ಇಲ್ಲ, ಆದ್ದರಿಂದ ಸ್ವತಂತ್ರ ರೂಪ ಅನ್ನುವುದೇ ಇಲ್ಲ. ಆದರೂ ನೈಟ್ರೇಷನ್ ಮಾಡಿದರೆ ಮೆಟಾ ಸುಮಾರು ಶೇ. 89, ಪ್ಯಾರಾ ಸುಮಾರು ಶೇ. 11 ಸಿಗುತ್ತದೆ. NH₃⁺ ಮೇಲಿನ ಅಧ್ಯಯನಗಳೂ 1960ರ ದಶಕದಲ್ಲಿ ಬಂದವು. ಶೇ. 98ರ ಸಲ್ಫ್ಯೂರಿಕ್ ಆಮ್ಲದಲ್ಲೂ ಪ್ಯಾರಾ ಮೂರನೇ ಒಂದು ಪಾಲಿಗಿಂತ ಜಾಸ್ತಿಯೇ ಬಂತು, ಆರ್ಥೋ ಮಾತ್ರ ನಾಮಕಾವಸ್ತೆ. ಅಂದರೆ NH₃⁺ ಮೆಟಾ ಕಡೆ ತಳ್ಳುತ್ತದೆ, ಆದರೆ ನೈಟ್ರೋ ಗುಂಪಿನಷ್ಟು ಕಟ್ಟುನಿಟ್ಟಾಗಿ ಅಲ್ಲ. ನೈಟ್ರೋಬೆಂಜೀನ್‌ನಲ್ಲಿ ಮೆಟಾ ಶೇ. 90 ದಾಟುತ್ತದೆ. ಪ್ಲಸ್ಸಿನ ಏಟು ಹತ್ತಿರದ ಆರ್ಥೋಗೆ ಜೋರು, ದೂರದ ಪ್ಯಾರಾಗೆ ಕಮ್ಮಿ. ಪುಸ್ತಕದ ಸಾಲು ತಪ್ಪಲ್ಲ, ಅರ್ಧ ಮಾತ್ರ ಹೇಳಿದೆ.

ಇನ್ನೊಂದು ಸಣ್ಣ ಲೆಕ್ಕ. ಮೆಟಾ ಜಾಗ ಎರಡು, ಪ್ಯಾರಾ ಒಂದೇ. 47ನ್ನು ಎರಡರಿಂದ ಭಾಗಿಸಿದರೆ ಒಂದೊಂದು ಮೆಟಾ ಕಾರ್ಬನ್‌ಗೆ 23.5 ಬೀಳುತ್ತದೆ. ಪ್ಯಾರಾ ಒಂದಕ್ಕೇ 51. ಹಾಗಾಗಿ ಎರಡೂ ಸರಿಸಮ ಅಂತ ಓದಿಕೊಳ್ಳಬೇಡಿ.

ಆಮ್ಲದ್ದೇ ಕಿತಾಪತಿ ಅಂತ ನಂಬಿಕೆ ಬರದಿದ್ದರೆ, ಲ್ಯಾಬ್‌ನಲ್ಲಿ ಅನಿಲೀನ್‌ಗೆ ಬ್ರೋಮಿನ್ ನೀರು ಹಾಕಿದ್ದು ನೆನಪಿಸಿಕೊಳ್ಳಿ. ವೇಗವರ್ಧಕ ಬೇಡ, ಬಿಸಿ ಬೇಡ, ಹಾಕಿದ ತಕ್ಷಣ ಬಿಳಿ ಚರಟ. ಅದು 2,4,6-ಟ್ರೈಬ್ರೋಮೋಅನಿಲೀನ್. ಎರಡು ಆರ್ಥೋ, ಒಂದು ಪ್ಯಾರಾ, ಮೂರೂ ಭರ್ತಿ. ಮೆಟಾ ಸುದ್ದಿಯೇ ಇಲ್ಲ. ಅದೇ ಅನಿಲೀನ್, ಆದರೆ ನೀರಿನಲ್ಲಿ ಅದರ ಒಂಟಿ ಜೋಡಿ ಅದರ ಕೈಯಲ್ಲೇ ಇದೆ.

ಹಾಗಾದರೆ ಪ್ಯಾರಾ-ನೈಟ್ರೋಅನಿಲೀನ್ ಬೇಕಾದವರು ಏನು ಮಾಡುತ್ತಾರೆ? ನೈಟ್ರೋಜನ್‌ಗೆ ಒಂದು ಅಸಿಟೈಲ್ ಗುಂಪು ತೊಡಿಸಿ ಅಸಿಟನಿಲೈಡ್ ಮಾಡಿಕೊಳ್ಳುತ್ತಾರೆ. ಈಗ ಒಂಟಿ ಜೋಡಿಯನ್ನು ಪಕ್ಕದ C=O ಕೂಡ ತನ್ನ ಕಡೆ ಎಳೆಯುತ್ತದೆ. ಹಾಗಾಗಿ ನೈಟ್ರೋಜನ್ ಪ್ರೋಟಾನ್ ಹಿಡಿಯುವಷ್ಟು ಧಾರಾಳಿ ಅಲ್ಲ, ಆದರೆ ಉಂಗುರಕ್ಕೆ ಆಸರೆ ಕೊಡುವಷ್ಟು ಎಲೆಕ್ಟ್ರಾನ್ ಇನ್ನೂ ಇದೆ. ಅಸಿಟೈಲ್ ಗುಂಪು ದಪ್ಪ ಬೇರೆ, ಆರ್ಥೋ ಜಾಗಕ್ಕೆ ಅಡ್ಡ ನಿಲ್ಲುತ್ತದೆ. ಪ್ಯಾರಾ ಮುಂದೆ ಬರುತ್ತದೆ, ಮೆಟಾ ಹೆಚ್ಚುಕಡಿಮೆ ಮಾಯ.

ಲ್ಯಾಬ್‌ನಲ್ಲಿ ಹೀಗೆ ನಡೆಯುತ್ತದೆ. 5 ಗ್ರಾಂ ಅಸಿಟನಿಲೈಡ್ ಅನ್ನು 5 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ಕಲಸಿ, 10 ಮಿ.ಲೀ. ಗಾಢ ಸಲ್ಫ್ಯೂರಿಕ್ ಆಮ್ಲವನ್ನು ನಿಧಾನಕ್ಕೆ ಸೇರಿಸುತ್ತಾರೆ. ಬಿಸಿಯಾಗಿ ಪೂರ್ತಿ ಕರಗುತ್ತದೆ. ಐಸ್, ಉಪ್ಪು ಹಾಕಿದ ಪಾತ್ರೆಯಲ್ಲಿ ಇಟ್ಟು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಸುತ್ತಾರೆ. ಆಮೇಲೆ 2 ಮಿ.ಲೀ. ಹೊಗೆಯಾಡುವ ನೈಟ್ರಿಕ್ ಆಮ್ಲ ಮತ್ತು 1 ಮಿ.ಲೀ. ಸಲ್ಫ್ಯೂರಿಕ್ ಆಮ್ಲದ ತಣ್ಣನೆಯ ಮಿಶ್ರಣವನ್ನು ಹನಿಹನಿಯಾಗಿ ಬಿಡಬೇಕು. ಥರ್ಮಾಮೀಟರ್ 10 ದಾಟಬಾರದು. ಹನಿ ಮುಗಿದ ಮೇಲೆ ಕೋಣೆಯ ಉಷ್ಣತೆಯಲ್ಲಿ ಒಂದು ಗಂಟೆ ಬಿಟ್ಟು, ಸುಮಾರು 50 ಗ್ರಾಂ ಪುಡಿ ಐಸ್ ಮೇಲೆ ಸುರಿದರೆ ಘನವಸ್ತು ಬೇರೆಯಾಗುತ್ತದೆ. ಇದೆಲ್ಲ ಫ್ಯೂಮ್ ಹುಡ್ ಒಳಗೆ, ಮೇಷ್ಟ್ರು ಪಕ್ಕದಲ್ಲಿದ್ದಾಗ ಮಾತ್ರ.

ಆ 10 ಡಿಗ್ರಿ ಸುಮ್ನೆ ಹಾಕಿದ ಗೆರೆಯಲ್ಲ. ನಾನು ಓದುವಾಗ ಒಮ್ಮೆ ಐಸ್ ಕರಗಿದ್ದನ್ನು ಗಮನಿಸದೆ ಹನಿ ಬಿಡುತ್ತಾ ಹೋದೆ. ನೋಡುವಷ್ಟರಲ್ಲಿ 25 ದಾಟಿತ್ತು. ಕೊನೆಗೆ ಸಿಕ್ಕಿದ್ದು ಕಂದು ಬಣ್ಣದ ಅಂಟು ಅಂಟಾದ ಪುಡಿ. 170 ಡಿಗ್ರಿಗೇ ಮೆತ್ತಗಾಗಲು ಶುರುವಾಗಿ 195ರ ತನಕ ಕರಗುತ್ತಲೇ ಇತ್ತು. ಬಿಸಿ ಏರಿದರೆ ಎರಡನೇ ನೈಟ್ರೋ ಗುಂಪು ಹತ್ತುತ್ತದೆ, ಅಸಿಟೈಲ್ ಗುಂಪು ಅಲ್ಲಲ್ಲಿ ಕಳಚುತ್ತದೆ. ಕಳಚಿದ್ದು ಮತ್ತೆ ಅನಿಲೀನ್, ಅಂದರೆ ಮತ್ತೆ ನಿಮ್ಮ ಪ್ರಶ್ನೆಗೇ ವಾಪಸ್.

ಸರಿಯಾಗಿ ಬಂದಿದೆಯಾ ಅಂತ ತಿಳಿಯುವುದು ಕಷ್ಟವಿಲ್ಲ. ಘನವಸ್ತುವನ್ನು ಆಮ್ಲ ಹೋಗುವ ತನಕ ತಣ್ಣೀರಿನಲ್ಲಿ ತೊಳೆದು, ಬಿಸಿ ಆಲ್ಕೋಹಾಲ್‌ನಲ್ಲಿ ಕರಗಿಸಿ ಮತ್ತೆ ಹರಳುಗಟ್ಟಿಸಬೇಕು. ಆರ್ಥೋ ಹಳದಿ, ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ, ಆದ್ದರಿಂದ ಉಳಿದ ದ್ರಾವಣದಲ್ಲೇ ನಿಲ್ಲುತ್ತದೆ. ಮೇಲೆ ಸಿಗುವ ಪ್ಯಾರಾ ಹರಳು ಹೆಚ್ಚುಕಡಿಮೆ ಬಣ್ಣವಿಲ್ಲದ್ದು. ಪ್ಯಾರಾ-ನೈಟ್ರೋಅಸಿಟನಿಲೈಡ್ ಸುಮಾರು 215 ಡಿಗ್ರಿಗೆ ಕರಗುತ್ತದೆ, ಆರ್ಥೋ ಸುಮಾರು 94ಕ್ಕೇ. ಎರಡನ್ನೂ ಗೊಂದಲ ಮಾಡಿಕೊಳ್ಳುವ ಹಾಗೇ ಇಲ್ಲ. 5 ಗ್ರಾಂಗೆ ಲೆಕ್ಕದ ಪ್ರಕಾರ 6.7 ಗ್ರಾಂ ಬರಬೇಕು. ಶುದ್ಧವಾದದ್ದು 4 ಗ್ರಾಂ ಕೈಗೆ ಸಿಕ್ಕರೆ ಚೆನ್ನಾಗಿ ಮಾಡಿದ್ದೀರಿ ಅಂತ ಅರ್ಥ.

ಕೊನೆಗೆ ಶೇ. 70ರ ಸಲ್ಫ್ಯೂರಿಕ್ ಆಮ್ಲದಲ್ಲಿ ಅರ್ಧ ಗಂಟೆ ಕುದಿಸಿದರೆ ಅಸಿಟೈಲ್ ಕಳಚುತ್ತದೆ. ತಣ್ಣೀರಿಗೆ ಸುರಿದು ಕಾಸ್ಟಿಕ್ ಸೋಡಾ ಹಾಕಿದ ಕೂಡಲೇ ಹಳದಿ ಪ್ಯಾರಾ-ನೈಟ್ರೋಅನಿಲೀನ್ ಕೆಳಗಿಳಿಯುತ್ತದೆ. ಕರಗುವ ಬಿಂದು 148. ಸೋಡಾ ಹಾಕುವ ಮೊದಲು ಆ ಹಳದಿ ಯಾಕೆ ಕಾಣಲಿಲ್ಲ ಅಂತ ಯೋಚಿಸಿ. ಅಲ್ಲೂ ನೈಟ್ರೋಜನ್ ಪ್ರೋಟಾನ್ ಹಿಡಿದು ಕೂತಿತ್ತು.

ಇನ್ನು ಪರೀಕ್ಷೆ. ಬಾಣದ ಮೇಲೆ ಗಾಢ ಆಮ್ಲಗಳ ಮಿಶ್ರಣ ಇದ್ದು ಎಡಗಡೆ ಬರಿ ಅನಿಲೀನ್ ಇದ್ದರೆ ಒಂದೇ ಉತ್ಪನ್ನ ಬರೆದು ಬಿಡಬೇಡಿ. ಪ್ಯಾರಾ ಜಾಸ್ತಿ, ಅದರ ಬೆನ್ನಿಗೇ ಮೆಟಾ, ಕಾರಣ NH₃⁺ ಅಂತ ಬರೆಯಿರಿ. ಮೊದಲ ಹೆಜ್ಜೆಯಲ್ಲಿ ಅಸಿಟಿಕ್ ಅನ್‌ಹೈಡ್ರೈಡ್ ಕಂಡರೆ ಪ್ಯಾರಾ ಅಂತ ಧೈರ್ಯವಾಗಿ ಬರೆಯಬಹುದು. ಮೆಟಾ-ನೈಟ್ರೋಅನಿಲೀನ್ ಮಾಡಿ ತೋರಿಸಿ ಅಂತ ಕೇಳಿದರೆ ಅನಿಲೀನ್‌ನ ತಂಟೆಗೇ ಹೋಗಬೇಡಿ. 47 ಪಾಲು ಮೆಟಾವನ್ನು 51 ಪಾಲು ಪ್ಯಾರಾದಿಂದ ಬೇರ್ಪಡಿಸುತ್ತಾ ಕೂರುವುದು ಯಾರಿಗೆ ಬೇಕು? ಬೆಂಜೀನ್‌ಗೆ ಎರಡು ಸಲ ನೈಟ್ರೇಷನ್ ಮಾಡಿದರೆ ಮೆಟಾ-ಡೈನೈಟ್ರೋಬೆಂಜೀನ್ ಸಿಗುತ್ತದೆ. ಅದರಲ್ಲಿ ಒಂದು ನೈಟ್ರೋ ಗುಂಪನ್ನು ಮಾತ್ರ ಸೋಡಿಯಂ ಸಲ್ಫೈಡ್‌ನಿಂದ NH₂ ಮಾಡಿಕೊಳ್ಳಿ.