ಅಂಗಿಯ ಹೆಗಲಿನ ಮೇಲೆ ಕ್ಲಿಕ್ ಮಾಡಬೇಡಿ

*"ಸರ್, ನಮಸ್ಕಾರ. ನಾನು ಗದಗದವನು. ಹಳದಿ ಬಲ್ಬಿನ ಕೆಳಗೆ ತೆಗೆದ ಫೋಟೊದಲ್ಲಿ ಬಿಳಿ ಅಂಗಿ ಬಿಳಿಯಾಗಿಯೇ ಕಾಣುವಂತೆ ಮಾಡುವುದು ಹೇಗೆ ಅಂತ ಲೇಖನ ಬರೆದು, ನಮ್ಮ ಅಜ್ಜನ ಫೋಟೊ ಜೊತೆ ಕಳಿಸಿದ್ದೇನೆ. ಎಡಿಟಿಂಗ್ ಮಾಡುವಾಗ ಅಂಗಿಯ ಎಲ್ಲಕ್ಕಿಂತ ಬೆಳ್ಳಗಿರುವ ಜಾಗದ ಮೇಲೆ, ಬಿಳಿ ಯಾವುದು ಅಂತ ಸಾಫ್ಟ್‌ವೇರ್‌ಗೆ ತೋರಿಸುವ ಐಡ್ರಾಪರ್ ಇಟ್ಟು ಕ್ಲಿಕ್ ಮಾಡಿದರೆ ಸಾಕು ಎಂಬುದು ನನ್ನ ಸಲಹೆ. ಪ್ರಕಟಣೆಗೆ ಆಗುತ್ತದೆಯೇ, ನೇರವಾಗಿ ಹೇಳಿ."*

ನೇರವಾಗಿ ಹೇಳು ಅಂದಿದ್ದೀರಿ, ಹೇಳುತ್ತೇನೆ. ಈಗಿರುವ ಹಾಗೆ ಆಗುವುದಿಲ್ಲ. ಮೊದಲ ಎರಡು ಪುಟ ಬಿಳಿ ಬಣ್ಣ ಶಾಂತಿಯ ಸಂಕೇತ ಅಂತೆಲ್ಲ ಇದೆ, ಅದನ್ನು ಪೂರ್ತಿ ತೆಗೆಯಿರಿ. ಆದರೆ ನನ್ನ ನಿಜವಾದ ತಕರಾರು ಮೂರನೇ ಪುಟದ ಆ ಒಂದು ಸಲಹೆಯ ಬಗ್ಗೆ. ಅದು ತಪ್ಪು, ಮತ್ತು ತಪ್ಪು ಅನ್ನುವುದಕ್ಕೆ ಸಾಕ್ಷಿ ನೀವೇ ಕಳಿಸಿದ ಫೋಟೊದಲ್ಲಿದೆ.

ಫೋಟೊ ತೆರೆದು ಅಂಗಿಯ ಎರಡು ಕಡೆ ಅಂಕಿ ನೋಡಿದೆ. ಬಲ್ಬಿನ ಬೆಳಕು ನೇರ ಬಿದ್ದ ಹೆಗಲಿನಲ್ಲಿ ಕೆಂಪು 255, ಹಸಿರು 243, ನೀಲಿ 196. ನೆರಳಿನಲ್ಲಿರುವ ತೋಳಿನ ಮಡಿಕೆಯಲ್ಲಿ ಕೆಂಪು 168, ಹಸಿರು 140, ನೀಲಿ 98. ಒಂದೇ ಬಟ್ಟೆ, ಒಂದೇ ಬಲ್ಬು. ಹಾಗಿದ್ದರೆ ಹಸಿರಿಗಿಂತ ಕೆಂಪು ಎಷ್ಟು ಪಾಲು ಜಾಸ್ತಿ ಅನ್ನುವುದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇರಬೇಕಿತ್ತು ಅಲ್ವಾ? ತೋಳಿನಲ್ಲಿ ಕೆಂಪು ಐದನೇ ಒಂದು ಪಾಲು ಜಾಸ್ತಿ ಇದೆ, ಹೆಗಲಿನಲ್ಲಿ ಇಪ್ಪತ್ತನೇ ಒಂದು ಪಾಲು ಮಾತ್ರ. ಯಾಕೆಂದರೆ ಜೆಪೆಗ್ ಫೋಟೊದಲ್ಲಿ 255ಕ್ಕಿಂತ ಮೇಲೆ ಅಂಕಿಯೇ ಇಲ್ಲ. ಹೆಗಲಿನ ಮೇಲಿದ್ದ ಕೆಂಪು ಅದಕ್ಕೂ ಮೇಲಿತ್ತು, ಕ್ಯಾಮೆರಾ ಅದನ್ನು 255ಕ್ಕೇ ಕತ್ತರಿಸಿ ಬಿಟ್ಟಿತು.

ಈಗ ನಿಮ್ಮ ಸಲಹೆಯಂತೆ ಹೆಗಲಿನ ಮೇಲೆ ಕ್ಲಿಕ್ ಮಾಡೋಣ. ಸಾಫ್ಟ್‌ವೇರ್ ಒಳಗೆ ಮಾಡುವ ಲೆಕ್ಕ ಇದಕ್ಕಿಂತ ಸೂಕ್ಷ್ಮ, ಆದರೆ ದಿಕ್ಕು ಇದೇ: ಹೆಗಲಿನ ಮೂರೂ ಅಂಕಿ 243 ಆಗುವಂತೆ ಕೆಂಪನ್ನು ಸ್ವಲ್ಪ ಇಳಿಸುತ್ತದೆ, ನೀಲಿಯನ್ನು ಏರಿಸುತ್ತದೆ. ಹೆಗಲು ಬಿಳಿಯಾಯಿತು. ಅದೇ ತಿದ್ದುಪಡಿ ತೋಳಿಗೂ ಬೀಳುತ್ತದಲ್ಲ, ಅಲ್ಲಿ ಕೆಂಪು 160, ಹಸಿರು 140, ನೀಲಿ 121 ಆಗುತ್ತದೆ. ಅಂದರೆ ಇನ್ನೂ ಅರಿಶಿನ ಮೆತ್ತಿದ ಹಾಗೆಯೇ. ಅಜ್ಜನ ಮುಖವೂ ಆ ಕಡೆಯೇ. ತಿರುಗಿಸಿ ತೋಳಿನ ಮೇಲೆ ಕ್ಲಿಕ್ ಮಾಡಿದರೆ ತೋಳು ಸರಿಯಾಗುತ್ತದೆ, ಆದರೆ ಹೆಗಲಿನ ಕೆಂಪು 212ಕ್ಕೆ ಇಳಿದು, ನೀಲಿ 255 ಮುಟ್ಟಿ, ಅಲ್ಲಿ ತಿಳಿನೀಲಿ ಪಟ್ಟಿ ಎದ್ದು ಕಾಣುತ್ತದೆ. ಎರಡೂ ಕಡೆ ಒಮ್ಮೆಗೇ ಬಿಳಿ ಮಾಡುವ ಒಂದು ಕ್ಲಿಕ್ ಈ ಫೋಟೊದಲ್ಲಿ ಇಲ್ಲವೇ ಇಲ್ಲ. ಕಳೆದುಹೋದ ಕೆಂಪನ್ನು ಯಾವ ಸ್ಲೈಡರ್ರೂ ವಾಪಸ್ ತರುವುದಿಲ್ಲ.

ಇದನ್ನು ತಡೆಯುವುದು ಫೋಟೊ ತೆಗೆಯುವಾಗಲೇ. ಹಳದಿ ಬಲ್ಬಿನ ಕೆಳಗೆ ಮೊದಲು ತುಂಬಿ ಹರಿಯುವುದು ಕೆಂಪು. ಹಿಸ್ಟೋಗ್ರಾಂ ಅಂದರೆ ಕತ್ತಲು ಎಷ್ಟು, ಬೆಳಕು ಎಷ್ಟು ಅಂತ ಎಡದಿಂದ ಬಲಕ್ಕೆ ತೋರಿಸುವ ನಕ್ಷೆ. ಕ್ಯಾಮೆರಾದಲ್ಲಿ ಬರೀ ಬೆಳಕಿನ ಹಿಸ್ಟೋಗ್ರಾಂ ನೋಡಿದರೆ ಎಲ್ಲ ಸರಿ ಇದೆ ಅನಿಸುತ್ತದೆ, ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಂ ಹಾಕಿಕೊಳ್ಳಿ. ಕೆಂಪಿನ ಗುಡ್ಡ ಬಲಗೋಡೆಗೆ ಅಂಟಿ ನಿಂತಿದ್ದರೆ ಎಕ್ಸ್‌ಪೋಜರ್ ಅರ್ಧ ಸ್ಟಾಪೋ, ಮುಕ್ಕಾಲು ಸ್ಟಾಪೋ ಇಳಿಸಿ. ಸಾಧ್ಯವಿದ್ದರೆ ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ರಾ ಫೈಲ್‌ನಲ್ಲಿ ತೆಗೆಯಿರಿ, ಅಲ್ಲಿ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಯಾವುದು ಅನ್ನುವ ಲೆಕ್ಕ, ಇನ್ನೂ ಗಟ್ಟಿಯಾಗಿ ಕೂತಿರುವುದಿಲ್ಲ, ಮೇಲುಗಡೆ ಸ್ವಲ್ಪ ಜಾಗವೂ ಇರುತ್ತದೆ. ಆದರೆ ತೀರಾ ಇಳಿಸಬೇಡಿ. ಬಲ್ಬಿನ ಬೆಳಕಿನಲ್ಲಿ ನೀಲಿ ಮೊದಲೇ ಕಡಿಮೆ, ಆಮೇಲೆ ಅದನ್ನು ಎಳೆದು ಏರಿಸಿದಾಗ ಕಾಳು ಕಾಳು ಎದ್ದು ಬರುತ್ತದೆ.

ಇನ್ನೊಂದು ವಿಷಯ. ಬೆಳ್ಳಗಿನ ಜಾಗ ಬೇಡ ಸರಿ, ಅಂಗಿಯ ಬೇರೆ ಜಾಗ ಹಿಡಿದರೆ ಆಯಿತಲ್ಲ ಅಂತ ನೀವು ಕೇಳಬಹುದು. ನಮ್ಮ ಕಡೆಯ ಬಿಳಿ ಅಂಗಿಯನ್ನು ನಾನು ನಂಬುವುದಿಲ್ಲ. ಧಾರವಾಡದಲ್ಲಿ ನಮ್ಮ ಮಾವನವರ ಅರವತ್ತರ ಶಾಂತಿಯ ಫೋಟೊ ತೆಗೆದಿದ್ದೆ, ಅವರ ಧೋತರದ ಮೇಲೆ ಕ್ಲಿಕ್ ಮಾಡಿ ಅಷ್ಟೂ ಫೋಟೊ ಒಂದೇ ಸಲ ತಿದ್ದಿಬಿಟ್ಟೆ. ಎಲ್ಲರ ಮುಖ ಕಾಮಾಲೆ ಆದವರ ಹಾಗೆ ಬಂತು. ಆಮೇಲೆ ಗೊತ್ತಾಗಿದ್ದು, ಅತ್ತೆಯವರು ಧೋತರಕ್ಕೆ ನೀಲಿ ಹಾಕಿ ಒಗೆದಿದ್ದರು, ಅದೂ ಧಾರಾಳವಾಗಿ. ನಿಜಕ್ಕೂ ಸ್ವಲ್ಪ ನೀಲಿ ಇದ್ದದ್ದನ್ನು ಬಿಳಿ ಅಂತ ನಾನು ಹೇಳಿಕೊಟ್ಟೆ, ಸಾಫ್ಟ್‌ವೇರ್ ಆ ನೀಲಿ ಕಳೆಯಲು ಎಲ್ಲ ಕಡೆ ಹಳದಿ ಸುರಿಯಿತು. ಖಾದಿ ಆದರೆ ಇದರ ಉಲ್ಟಾ. ಬ್ಲೀಚ್ ಮಾಡದ ಖಾದಿ ಹುಟ್ಟಿನಿಂದಲೇ ಕೆನೆಬಣ್ಣ, ಅದರ ಮೇಲೆ ಕ್ಲಿಕ್ ಮಾಡಿದರೆ ಮುಖ ತಣ್ಣಗೆ, ಬೂದಿ ಬಳಿದ ಹಾಗೆ ಆಗುತ್ತದೆ. ನಿಮ್ಮ ಅಜ್ಜನ ಅಂಗಿ ಫೋಟೊದಲ್ಲಿ ಖಾದಿಯಂತೆ ಕಾಣುತ್ತದೆ. ಹೌದಾದರೆ ಅದನ್ನು ಹಾಲಿನಷ್ಟು ಬೆಳ್ಳಗೆ ಮಾಡುವುದೇ ತಪ್ಪು.

ಹಾಗಾಗಿ ಬಟ್ಟೆ ಬಿಡಿ, ಬೇರೆ ಯಾವ ಬಣ್ಣದ ಛಾಯೆಯೂ ಇಲ್ಲದ ಬೂದುಬಣ್ಣದ ಗ್ರೇ ಕಾರ್ಡ್ ಇಟ್ಟುಕೊಳ್ಳಿ. ಅಜ್ಜನ ಎದೆಯ ಹತ್ತಿರ ಕಾರ್ಡ್ ಹಿಡಿಸಿ, ಬಲ್ಬಿನ ಬೆಳಕು ಅದರ ಮೇಲೆ ಬೀಳಬೇಕು, ನಿಮ್ಮ ನೆರಳು ಬೀಳಬಾರದು. ಫ್ರೇಮಿನ ನಡುಭಾಗ ಕಾರ್ಡಿನಿಂದ ತುಂಬುವಂತೆ ಒಂದು ಫೋಟೊ ತೆಗೆಯಿರಿ. ಫೋಕಸ್ ಆಗದಿದ್ದರೆ ಚಿಂತೆಯಿಲ್ಲ, ಮ್ಯಾನುವಲ್ ಫೋಕಸ್‌ಗೆ ಹಾಕಿ. ಆ ಫೋಟೊವನ್ನು ಕಸ್ಟಮ್ ವೈಟ್ ಬ್ಯಾಲೆನ್ಸ್‌ಗೆ ಕೊಡಿ, ಅಥವಾ ರಾ ಆದರೆ ಆಮೇಲೆ ಆ ಕಾರ್ಡಿನ ಮೇಲೆ ಐಡ್ರಾಪರ್ ಕ್ಲಿಕ್ ಮಾಡಿ ಉಳಿದ ಫೋಟೊಗಳಿಗೆ ನಕಲು ಮಾಡಿ. ಕಾರ್ಡ್ ಇಲ್ಲದಿದ್ದರೆ ಝೆರಾಕ್ಸ್ ಹಾಳೆ ನಡೆಯುತ್ತದೆ, ಆದರೆ ಬಲ್ಬಿನ ಕೆಳಗೆ ಮಾತ್ರ. ಅದರಲ್ಲಿ ಬೆಳ್ಳಗೆ ಹೊಳೆಯಲು ಹಾಕಿದ ರಾಸಾಯನಿಕ ಇರುತ್ತದೆ, ಕಿಟಕಿಯ ಬೆಳಕಿನ ಅತಿನೇರಳೆ ಕಿರಣ ತಾಗಿದರೆ ಹಾಳೆ ನೀಲಿ ಹೊಳೆಯುತ್ತದೆ. ಹಳೆಯ ಗುಂಡು ಬಲ್ಬಿನಲ್ಲಿ ಆ ಕಿರಣ ಬಹಳ ಕಡಿಮೆ.

ಕಾರ್ಡ್ ಬಿಟ್ಟು, ಬೆಳಕಿನ ಬಣ್ಣ ಹೇಳುವ ಕೆಲ್ವಿನ್ ಅಂಕಿ ಹಾಕುವವರಿಗೆ ಹಳದಿ ಕಳೆಯಲು ದೊಡ್ಡ ಅಂಕಿ ಹಾಕಿ ಅಂತ ನೀವು ಬರೆದದ್ದು ಉಲ್ಟಾ ಆಗಿದೆ. ಕ್ಯಾಮೆರಾದಲ್ಲಿ 2800 ಹಾಕುವುದು ಅಂದರೆ "ಇಲ್ಲಿರುವ ಬೆಳಕು ಇಷ್ಟು ಹಳದಿ" ಅಂತ ಅದಕ್ಕೆ ತಿಳಿಸುವುದು, ಆಗ ಅದು ನೀಲಿ ಸೇರಿಸಿ ಸರಿದೂಗಿಸುತ್ತದೆ. 6000 ಹಾಕಿದರೆ ಫೋಟೊ ಇನ್ನಷ್ಟು ಹಳದಿ ಆಗುತ್ತದೆ. ಲೈಟ್‌ರೂಮ್‌ನ Temp ಕೂಡ ರಾ ಫೈಲಿಗೆ ಹೀಗೆಯೇ, ಎಡಕ್ಕೆ ಎಳೆದರೆ ನೀಲಿ. ಅಗ್ಗದ ಎಲ್‌ಇಡಿ ಬಲ್ಬಾದರೆ ಹಳದಿ ಹೋದ ಮೇಲೂ ತುಸು ಹಸಿರು ಉಳಿಯಬಹುದು, ಅದನ್ನು ಕಳೆಯಲು Tint ಸ್ಲೈಡರ್ ಇರುವುದು. ನೀವು ಅದರ ಹೆಸರನ್ನೇ ಎತ್ತಿಲ್ಲ.

ಮತ್ತೆ ನಿಮ್ಮ ಫೋಟೊದಲ್ಲಿ ಎಡಗಡೆ ಕಿಟಕಿ ತೆರೆದಿದೆ. ಒಂದು ಕಡೆಯಿಂದ ಹಗಲು ಬೆಳಕು, ಇನ್ನೊಂದು ಕಡೆಯಿಂದ ಬಲ್ಬು. ಇಂಥಲ್ಲಿ ಕಾರ್ಡೂ ಕೈಕೊಡುತ್ತದೆ, ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ. ಎಡಿಟಿಂಗ್‌ನಲ್ಲಿ ಅರ್ಧ ಅಂಗಿಗೆ ಮಾಸ್ಕ್ ಹಾಕಿ ಒದ್ದಾಡುವುದಕ್ಕಿಂತ ಕಿಟಕಿ ಮುಚ್ಚುವುದು ಸುಲಭ, ಅಥವಾ ಬಲ್ಬು ಆರಿಸಿಬಿಡಿ. ಗೋಡೆ ಹಳದಿ ಇದ್ದರೆ ಅಜ್ಜನ ಕುರ್ಚಿ ಗೋಡೆಯಿಂದ ಎರಡು ಮಾರು ಮುಂದೆ ಎಳೆಯಿರಿ, ಗೋಡೆಗೆ ಬಡಿದು ಬಂದ ಬೆಳಕು ಅಂಗಿಯ ಆ ಪಕ್ಕಕ್ಕೆ ಬಣ್ಣ ಹಚ್ಚುತ್ತದೆ.

ಲೇಖನವನ್ನು ಆ ಹೆಗಲು ಮತ್ತು ತೋಳಿನಿಂದಲೇ ಶುರು ಮಾಡಿ. ನಿಮ್ಮ ಕ್ಲಿಕ್ ಎಲ್ಲಿ ಸೋತಿತು ಅಂತ ನೀವೇ ತೋರಿಸಿ, ಅಂಕಿ ಸಮೇತ, ಸುಮ್ನೆ ಮುಚ್ಚಿಡಬೇಡಿ. ಅಜ್ಜನನ್ನು ಅದೇ ಬಲ್ಬಿನ ಕೆಳಗೆ ಕಿಟಕಿ ಮುಚ್ಚಿ ಇನ್ನೊಮ್ಮೆ ಕೂರಿಸಿ, ಕಾರ್ಡ್ ಹಿಡಿದ ಒಂದು ಫೋಟೊ, ಹಿಡಿಯದ ಒಂದು ಫೋಟೊ ತೆಗೆದು, ಎರಡನ್ನೂ ಎಡಿಟ್ ಮಾಡದೆ ಕಳಿಸಿ. ಅಂಗಿ ಖಾದಿಯೋ ಅಲ್ಲವೋ, ನೀಲಿ ಹಾಕಿ ಒಗೆದದ್ದೋ ಅಂತ ಅಜ್ಜಿಯನ್ನು ಕೇಳಿ ಅದನ್ನೂ ಬರೆಯಿರಿ.