ಮ್ಯಾನೇಜ್‌ಮೆಂಟ್ ವರದಿಯಲ್ಲಿ ‘ಖಚಿತ’ ಅಂತ ಬರೆದಿದ್ದರೆ

“ಪೀಣ್ಯದ ಲಿಸ್ಟೆಡ್ ಕಂಪನಿಯೊಂದರ ವಾರ್ಷಿಕ ವರದಿಯಲ್ಲಿ ಮ್ಯಾನೇಜ್‌ಮೆಂಟ್ ಡಿಸ್ಕಷನ್ ಅಂಡ್ ಅನಾಲಿಸಿಸ್ ಭಾಗ ನೋಡ್ತಿದ್ದೀನಿ. ‘ಅಸಾಧಾರಣ ಸಾಧನೆ, ಮುಂದಿನ ವರ್ಷ ಆದಾಯ ಶೇ 30 ಏರುವುದು ಖಚಿತ’ ಅಂತಿದೆ. ಇದನ್ನ ಹಾಗೇ ಬಿಡಬಹುದಾ?”

ಬಿಡಬೇಡಿ. ‘ಅಸಾಧಾರಣ’ ತೆಗೆದು ಅಂಕಿ ಹಾಕಿಸಿ. ಆಮೇಲೆ ಆ ಹೊಗಳಿಕೆ ಏನನ್ನು ಬಿಟ್ಟಿದೆ ಅಂತ ಹುಡುಕಿ. ಉದಾಹರಣೆಗೆ ಮಾರಾಟ 200 ಕೋಟಿಯಿಂದ 236 ಕೋಟಿಗೆ ಏರಿದೆ, ಗ್ರಾಹಕರಿಂದ ಬರಬೇಕಾದ ಬಾಕಿ 40ರಿಂದ 64 ಕೋಟಿ ಆಗಿದೆ ಅಂದುಕೊಳ್ಳಿ. ಮಾರಾಟ ಶೇ 18 ಹೆಚ್ಚಿದೆ, ಬಾಕಿ ಶೇ 60. ಮಾರಾಟವನ್ನು ವರ್ಷದ ಕೊನೆಯ ಬಾಕಿಯಿಂದ ಭಾಗಿಸಿದರೆ ಸಿಗುವ ಡೆಟರ್ಸ್ ಟರ್ನೋವರ್ 5ರಿಂದ ಸುಮಾರು 3.7ಕ್ಕೆ, ಅಂದರೆ ಶೇ 26 ಕುಸಿದಿದೆ. ಸೆಬಿಯ 2015ರ ಲಿಸ್ಟಿಂಗ್ ನಿಯಮಗಳ ಪ್ರಕಾರ ಈ ಅನುಪಾತ ಶೇ 25 ಅಥವಾ ಹೆಚ್ಚು ಬದಲಾದರೆ ಇದೇ ಭಾಗದಲ್ಲಿ ಕಾರಣ ಕೊಡಲೇಬೇಕು. ಅದಿಲ್ಲದೆ ಬರೀ ಮಾರಾಟದ ಮಾತಿದ್ದರೆ, ಪದ ಎಷ್ಟೇ ಸೌಮ್ಯವಾಗಿದ್ದರೂ ಬರಹ ಒಂದು ಕಡೆ ವಾಲಿದೆ.

ಶೇ 30ಕ್ಕೆ ಆಧಾರ ಕೇಳಿ: ಕೈಯಲ್ಲಿರುವ ಆರ್ಡರ್ ಎಷ್ಟು, ಬೋರ್ಡ್ ಒಪ್ಪಿದ ಬಜೆಟ್ ಏನು ಹೇಳುತ್ತೆ? ನಾನು ಮೊದಲು ನೋಡೋದು ಕಾರ್ಖಾನೆಯ ಸಾಮರ್ಥ್ಯ. ಈಗಲೇ ಶೇ 92 ಬಳಕೆಯಲ್ಲಿದ್ದು, ಮುಂದೆ ಮಾಡಲು ಈಗಾಗಲೇ ಒಪ್ಪಿಕೊಂಡ ಬಂಡವಾಳ ವೆಚ್ಚ ತೋರಿಸುವ ಕ್ಯಾಪಿಟಲ್ ಕಮಿಟ್‌ಮೆಂಟ್ಸ್ ಟಿಪ್ಪಣಿಯಲ್ಲಿ ಹೊಸ ಯಂತ್ರದ ಸುಳಿವೇ ಇಲ್ಲದಿದ್ದರೆ ಅಷ್ಟು ಮಾಲು ಎಲ್ಲಿಂದ ಬರುತ್ತೆ? ಬೆಲೆ ಏರಿಸ್ತಾರಾ, ಹೊರಗೆ ಮಾಡಿಸ್ತಾರಾ? ಉತ್ತರ ಬಂದರೆ ಅದನ್ನೇ ಬರೆಸಿ, ‘ಖಚಿತ’ ಬದಲು ‘ನಿರೀಕ್ಷೆ’ ಹಾಕಿಸಿ. ಬರದಿದ್ದರೆ ವಾಕ್ಯವನ್ನೇ ತೆಗೆಸಿ. ಕೊನೇ ಪುಟದ ‘ಫಲಿತಾಂಶ ಬೇರೆಯಾಗಬಹುದು’ ಅನ್ನೋ ಡಿಸ್‌ಕ್ಲೇಮರ್ ಆಧಾರದ ಜಾಗ ತುಂಬಲ್ಲ.