50,000 ಡಾಲರ್ ಫಂಡೆಡ್ ಅಕೌಂಟ್‌ನಲ್ಲಿ ನಿಜಕ್ಕೂ ಇರುವುದೆಷ್ಟು?

ಪ್ರಶ್ನೆ: 50,000 ಡಾಲರ್ ಫ್ಯೂಚರ್ಸ್ ಚಾಲೆಂಜ್ ತಗೊಳ್ಳೋಣ ಅಂತಿದ್ದೀನಿ. ಸೋತರೆ ಫೀಸ್ ಮಾತ್ರ ಹೋಗುತ್ತೆ, ಗೆದ್ದರೆ ಕಂಪನಿ ದುಡ್ಡಲ್ಲಿ ಟ್ರೇಡ್ ಮಾಡಬಹುದು. ಇದರಲ್ಲಿ ಮೋಸ ಏನಾದರೂ ಇದೆಯಾ?

ಚಾಲೆಂಜ್ ಅಂದರೆ ಫೀಸ್ ಕಟ್ಟಿ ಕೂರುವ ಪರೀಕ್ಷೆ. ನಷ್ಟದ ಮಿತಿ ಮುಟ್ಟದೆ ಗುರಿಯಷ್ಟು ಲಾಭ ಮಾಡಿದರೆ ಪಾಸು, ಆಮೇಲೆ ಸಿಗುವುದೇ ಫಂಡೆಡ್ ಅಕೌಂಟ್. ಮೋಸ ಹುಡುಕುವ ಮೊದಲು ನಿಯಮಗಳ ಪುಟದಲ್ಲಿ ಗರಿಷ್ಠ ನಷ್ಟದ ಮಿತಿ ಎಷ್ಟು ಅಂತ ನೋಡಿ. ಈ ಗಾತ್ರದ ಅಕೌಂಟ್‌ಗೆ ಅದು ಸಾಮಾನ್ಯವಾಗಿ 2,000 ಡಾಲರ್ ಆಸುಪಾಸು ಇರುತ್ತದೆ, ಗಳಿಸಬೇಕಾದ ಗುರಿ 3,000. ಅಂದರೆ ಕಳೆದುಕೊಳ್ಳಲು ನಿಮ್ಮ ಕೈಯಲ್ಲಿ ನಿಜಕ್ಕೂ ಇರುವುದು 2,000 ಡಾಲರ್. ಉಳಿದ 48,000 ಪರದೆಯ ಮೇಲಿನ ಅಂಕಿ, ಅದನ್ನು ನೀವು ಮುಟ್ಟುವ ಹಾಗೇ ಇಲ್ಲ. ನಾಸ್ಡಾಕ್ ಫ್ಯೂಚರ್ಸ್ (NQ) ಒಂದು ಕಾಂಟ್ರಾಕ್ಟ್‌ಗೆ ಒಂದು ಪಾಯಿಂಟ್ 20 ಡಾಲರ್. 100 ಪಾಯಿಂಟ್ ವಿರುದ್ಧ ಹೋದರೆ ಅಕೌಂಟ್ ಮುಗಿಯಿತು. ನಾಸ್ಡಾಕ್ ಅಷ್ಟು ದೂರ ಓಡುವುದು ದಿನನಿತ್ಯದ ಮಾತು.

ಬ್ಯಾಲೆನ್ಸ್ ಎಷ್ಟಕ್ಕೆ ಇಳಿದರೆ ಅಕೌಂಟ್ ಮುಗಿಯುತ್ತದೆ, ಅಂದರೆ ಆ ಮಿತಿ ಎಲ್ಲಿ ನಿಲ್ಲುತ್ತದೆ ಅನ್ನುವುದು ಇನ್ನೂ ಮುಖ್ಯ. ಕೆಲವು ಕಂಪನಿಗಳಲ್ಲಿ ಅದು 48,000ದಲ್ಲೇ ನಿಂತಿರುತ್ತದೆ. ಕೆಲವು ಕಡೆ ದಿನದ ಕೊನೆಯ ಬ್ಯಾಲೆನ್ಸ್ ನೋಡಿ ಮೇಲಕ್ಕೆ ಏರುತ್ತದೆ. ಅತಿ ಕಠಿಣವಾದದ್ದು ಕ್ಷಣಕ್ಷಣಕ್ಕೂ ಏರುವ ಟ್ರೇಲಿಂಗ್ ಮಿತಿ. ಅದು ನೀವು ಇನ್ನೂ ಕೈಗೆ ತೆಗೆದುಕೊಳ್ಳದ ಲಾಭವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಒಂದು NQ ಕೊಂಡಿದ್ದೀರಿ ಅಂತಿಟ್ಟುಕೊಳ್ಳಿ. 75 ಪಾಯಿಂಟ್ ಮೇಲೆ ಹೋಯಿತು, ಪರದೆಯಲ್ಲಿ 1,500 ಡಾಲರ್ ಲಾಭ. ಅಷ್ಟರಲ್ಲೇ ಮಿತಿ 48,000ದಿಂದ 49,500ಕ್ಕೆ ಏರಿರುತ್ತದೆ. ಬೆಲೆ ಹಿಂದೆ ಬಂತು, 15 ಪಾಯಿಂಟ್ ಲಾಭಕ್ಕೆ ಮಾರಿದಿರಿ. ಕಮಿಷನ್ ಬಿಟ್ಟರೆ ಬ್ಯಾಲೆನ್ಸ್ 50,300. ದಿನ ಲಾಭದಲ್ಲೇ ಮುಗಿಯಿತು, ಆದರೆ ಸೋಲಲು ಉಳಿದಿರುವುದು ಬರೀ 800 ಡಾಲರ್. ಬೆಳಿಗ್ಗೆ 2,000 ಇತ್ತು! ಮಿತಿ ಒಮ್ಮೆ ಏರಿದರೆ ಮತ್ತೆ ಇಳಿಯುವುದಿಲ್ಲ. ಸಾಮಾನ್ಯವಾಗಿ ಶುರುವಿನ 50,000 ಮುಟ್ಟಿದ ಮೇಲೆ ಅಲ್ಲಿಗೇ ನಿಂತುಬಿಡುತ್ತದೆ.

ಇದರ ಬೆಲೆ ಎಷ್ಟು ಅಂತ ಲೆಕ್ಕ ಹಾಕಬಹುದು. ಯಾವ ಜಾಣತನವೂ ಇಲ್ಲದೆ, ಕಮಿಷನ್ನೂ ಇಲ್ಲದೆ, ಸುಮ್ನೆ ನಾಣ್ಯ ಚಿಮ್ಮಿ ಟ್ರೇಡ್ ಮಾಡುವವನನ್ನು ತಗೊಳ್ಳಿ. ಮಿತಿ 48,000ದಲ್ಲೇ ನಿಂತಿದ್ದರೆ ಅವನು 3,000 ಗಳಿಸುವ ಸಾಧ್ಯತೆ 100ಕ್ಕೆ 40. ಕ್ಷಣಕ್ಷಣಕ್ಕೆ ಏರುವ ಮಿತಿ ಆದರೆ ಅದು ಸುಮಾರು 25ಕ್ಕೆ ಇಳಿಯುತ್ತದೆ. ಗುರಿ ಅದೇ, ಮೊತ್ತ ಅದೇ, ನಿಯಮದ ಒಂದು ಸಾಲು ಮಾತ್ರ ಬೇರೆ. ಕಮಿಷನ್, ದಿನದ ನಷ್ಟದ ಮಿತಿ ಸೇರಿಸಿದರೆ ಇನ್ನೂ ಕಡಿಮೆ.

ಈಗ ಕಂಪನಿಯ ಕಡೆಯಿಂದ ನೋಡಿ. ಫೀಸ್ 150 ಡಾಲರ್ ಅಂತ ಇಟ್ಟುಕೊಂಡರೆ, ನಾಲ್ವರಲ್ಲಿ ಒಬ್ಬ ಪಾಸಾಗುವಾಗ ಆ ಒಬ್ಬನ ಹಿಂದೆ 600 ಡಾಲರ್ ಸೇರಿರುತ್ತದೆ. ಸೋತವರು ಮತ್ತೆ ಶುರು ಮಾಡಲು ಕಟ್ಟುವ ರೀಸೆಟ್ ಫೀಸ್, ಪಾಸಾದವರು ಕಟ್ಟುವ ಆಕ್ಟಿವೇಷನ್ ಫೀಸ್ ಬೇರೆ. ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿರುವುದಿಲ್ಲ. ಪಾಸಾದ ಮೇಲೂ ಎಷ್ಟೋ ಕಂಪನಿಗಳಲ್ಲಿ ಅಕೌಂಟ್ ಡೆಮೊ ಆಗಿಯೇ ಇರುತ್ತದೆ. ನಿಮ್ಮ ಆರ್ಡರ್ ಎಕ್ಸ್‌ಚೇಂಜ್‌ಗೆ ಹೋಗುವುದೇ ಇಲ್ಲ. ಹಾಗಿದ್ದಾಗ ನಿಮಗೆ ಕೊಡುವ ಲಾಭ ಮಾರುಕಟ್ಟೆಯಿಂದ ಬಂದದ್ದಲ್ಲ, ಹೆಚ್ಚಾಗಿ ಸೋತವರ ಫೀಸಿನಿಂದ ಬಂದದ್ದು. ಚೆನ್ನಾಗಿ ಆಡುವವರ ಟ್ರೇಡನ್ನು ನಿಜ ಮಾರುಕಟ್ಟೆಗೆ ನಕಲು ಮಾಡುವ ಕಂಪನಿಗಳೂ ಇವೆ. ಹಾಗೆ ಮಾಡದಿದ್ದರೆ ಗೆಲ್ಲುವ ನೀವು ಅವರಿಗೆ ಖರ್ಚು, ಅಷ್ಟೇ. ಒಂದೇ ದಿನದ ಲಾಭ ಒಟ್ಟು ಲಾಭದ ಅರ್ಧಕ್ಕಿಂತ ಜಾಸ್ತಿ ಇರಬಾರದು, ಒಂದು ಸಲಕ್ಕೆ ಇಷ್ಟೇ ತೆಗೆಯಬೇಕು ಅನ್ನುವಂಥ ನಿಯಮಗಳನ್ನು ಈ ಕಣ್ಣಿಂದ ಓದಿದರೆ ಅರ್ಥವಾಗುತ್ತವೆ.

ಹಣ ತೆಗೆಯುವಾಗಲೂ ಹುಷಾರು. ಬ್ಯಾಲೆನ್ಸ್ 52,500, ಮಿತಿ 50,000ದಲ್ಲಿ ನಿಂತಿದೆ. 1,500 ತೆಗೆದರೆ ಉಳಿಯುವುದು 1,000 ಡಾಲರ್ ಜಾಗ. ಮೊದಲ ಪೇಔಟ್ ಆದ ಕೂಡಲೇ ಅಕೌಂಟ್ ಸಾಯುವುದಕ್ಕೆ ಇದೂ ಒಂದು ಕಾರಣ.

2023ರಲ್ಲಿ ಅಮೆರಿಕದ ನಿಯಂತ್ರಕ ಸಂಸ್ಥೆ ಸಿಎಫ್‌ಟಿಸಿ, ಇಂಥದೇ ಚಾಲೆಂಜ್ ಮಾರುತ್ತಿದ್ದ ಮೈ ಫಾರೆಕ್ಸ್ ಫಂಡ್ಸ್ ಕಂಪನಿ ಮೇಲೆ ವಂಚನೆಯ ಕೇಸ್ ಹಾಕಿತ್ತು. ಇಡೀ ಉದ್ಯಮ ಕಳ್ಳತನ ಅನ್ನುವವರು ಅದನ್ನೇ ತೋರಿಸುತ್ತಾರೆ. ಆದರೆ 2025ರಲ್ಲಿ ಸಿಎಫ್‌ಟಿಸಿಯ ನಡವಳಿಕೆಯನ್ನೇ ತಪ್ಪೆಂದು ಹೇಳಿ ಕೋರ್ಟ್ ಆ ಕೇಸನ್ನು ವಜಾ ಮಾಡಿತು. ಆರೋಪ ಸಾಬೀತಾಗಲಿಲ್ಲ.

ನನ್ನ ಸಲಹೆ ಕೇಳಿದರೆ, ನಿಂತಿರುವ ಮಿತಿ ಅಥವಾ ದಿನದ ಕೊನೆಗೆ ಲೆಕ್ಕ ಹಾಕುವ ಮಿತಿ ಇರುವುದನ್ನು ಮಾತ್ರ ನೋಡಿ. NQ ಬಿಟ್ಟು ಅದರದ್ದೇ ಚಿಕ್ಕ ಕಾಂಟ್ರಾಕ್ಟ್, ಪಾಯಿಂಟ್‌ಗೆ 2 ಡಾಲರ್ ಇರುವ MNQ ಹಿಡಿಯಿರಿ. ನೀವು ಭಾರತದಲ್ಲಿದ್ದರೆ ಕಾರ್ಡ್ ಉಜ್ಜುವ ಮೊದಲು ಆರ್‌ಬಿಐನ ಅಲರ್ಟ್ ಲಿಸ್ಟ್‌ನಲ್ಲಿ ಆ ಹೆಸರು ಇದೆಯಾ ನೋಡಿ, ಅನುಮತಿ ಇಲ್ಲದ ಫಾರೆಕ್ಸ್ ವೇದಿಕೆಗಳ ಪಟ್ಟಿ ಅದು. ಅದರಲ್ಲಿ ಇಲ್ಲ ಅಂದಮಾತ್ರಕ್ಕೆ ಅನುಮತಿ ಇದೆ ಅಂತಲ್ಲ, ಅದನ್ನು ಆರ್‌ಬಿಐಯೇ ಹೇಳುತ್ತದೆ.